ಸಾಲು ತಿರಸ್ಕರಿಸಿದರೆ ಸಾಲದು, ಕಾರಣವೂ ಬೇಕು

ಸಿಎಸ್‌ವಿ ಫೈಲ್‌ಗಳನ್ನು ದಿನವೂ ವೇರ್‌ಹೌಸ್‌ಗೆ ತುಂಬುವ ಕೆಲಸ: ತಪ್ಪು ಕಲ್ಪನೆ ಮತ್ತು ವಾಸ್ತವ

ನಾವು ಕೆಲಸ ಮಾಡಿದ ಹಾಲಿನ ಒಕ್ಕೂಟವೊಂದಕ್ಕೆ ಹಳ್ಳಿಗಳ ಸಂಘಗಳಿಂದ ದಿನಕ್ಕೆರಡು ಬಾರಿ ಫೈಲ್ ಬರುತ್ತಿತ್ತು. ಬೆಳಗಿನ ಪಾಳಿಯದೊಂದು, ಸಂಜೆಯ ಪಾಳಿಯದೊಂದು. ಯಾವ ಸದಸ್ಯರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ದರವೇನು, ಮೊತ್ತವೇನು ಎಂಬುದು ಅದರಲ್ಲಿರುತ್ತಿತ್ತು. ಸಂಘದ ಕಂಪ್ಯೂಟರ್ ಆ ಫೈಲನ್ನು ಸಿಎಸ್‌ವಿಯಾಗಿ ಹೊರತೆಗೆಯುತ್ತದೆ. ಅದನ್ನು ರಾತ್ರಿ ಹತ್ತಕ್ಕೆ ಡೇಟಾ ವೇರ್‌ಹೌಸ್‌ಗೆ ಸೇರಿಸುವ ಪೈಪ್‌ಲೈನ್ ಕಟ್ಟುವುದು ನಮ್ಮ ಪಾಲಿನ ಕೆಲಸ. ಫೈಲಿನ ಒಂದು ತುಣುಕು ಹೀಗಿರುತ್ತದೆ:

```
sangha,sadasya,dinanka,pali,litre,fat,snf,dara,motta
0147,0032,14/04/2025,M,6.5,4.1,8.5,35.20,228.80
0147,0033,14/04/2025,M,65,3.9,8.6,34.90,2268.50
0147,0041,14/04/2025,M,4.2,,8.4,34.10,143.22
```

ನೋಡಲು ಇಷ್ಟೇ. ಆದರೆ ಈ ಇಷ್ಟರಲ್ಲೇ ನಾವು ಹಲವು ವಿಷಯಗಳನ್ನು ತಪ್ಪಾಗಿ ನಂಬಿದ್ದೆವು. ಅದೇ ನಂಬಿಕೆಗಳನ್ನು ಇಂದಿಗೂ ಬೇರೆ ಬೇರೆ ಕಚೇರಿಗಳಲ್ಲಿ ಕೇಳುತ್ತಲೇ ಇದ್ದೇವೆ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಸಿಎಸ್‌ವಿ ಎಂದರೆ ಅಲ್ಪವಿರಾಮ ಹಾಕಿದ ಸಾಲುಗಳು, ಅಲ್ಪವಿರಾಮ ಇದ್ದಲ್ಲಿ ಕತ್ತರಿಸಿದರೆ ಕೆಲಸ ಮುಗಿಯಿತು.

ವಾಸ್ತವ: ಕಾಲಂ ಒಳಗೂ ಅಲ್ಪವಿರಾಮ ಬರಬಹುದು. ಸದಸ್ಯರ ವಿಳಾಸದಲ್ಲಿ ಬರುತ್ತದೆ, ಷರಾ ಕಾಲಂನಲ್ಲಿ ಬರುತ್ತದೆ. ಆಗ ಇಡೀ ಕಾಲಂ ಜೋಡಿ ಉದ್ಧರಣ ಚಿಹ್ನೆಯೊಳಗೆ ಇರಬೇಕು. ಆ ಚಿಹ್ನೆಯೇ ಒಳಗೆ ಬಂದರೆ ಅದನ್ನು ಎರಡು ಸಲ ಬರೆಯಬೇಕು. ಚಿಹ್ನೆಯೊಳಗೆ ಹೊಸ ಸಾಲು ಕೂಡ ಬರಬಹುದು, ಅಂದರೆ ಒಂದೇ ದಾಖಲೆ ಫೈಲಿನಲ್ಲಿ ಎರಡು ಮೂರು ಸಾಲು ಹಿಡಿಯಬಹುದು. 2005ರ ಆರ್‌ಎಫ್‌ಸಿ 4180 ಈ ರೂಢಿಗಳನ್ನು ಬರೆದಿಟ್ಟಿದೆ. ಆದರೆ ಅದು ಬಳಕೆಯಲ್ಲಿದ್ದುದನ್ನು ದಾಖಲಿಸಿದ್ದೇ ಹೊರತು ಎಲ್ಲರೂ ಪಾಲಿಸಲೇಬೇಕಾದ ಕಟ್ಟಳೆಯಲ್ಲ. ಆದ್ದರಿಂದ ಕತ್ತರಿಸುವ ಕೆಲಸವನ್ನು ಇದಕ್ಕೆಂದೇ ಇರುವ ಲೈಬ್ರರಿಗೆ ಬಿಡಬೇಕು. ಪೈಥಾನ್‌ನಲ್ಲಾದರೆ ಇಷ್ಟು ಸಾಕು:

```python
with open(path, encoding="utf-8-sig", newline="") as f:
    for row_no, row in enumerate(csv.reader(f), start=1):
        check_columns(row_no, row)
```

ಇಲ್ಲಿ ಕತ್ತರಿಸುವುದಕ್ಕಿಂತ ಮುಖ್ಯವಾದದ್ದು ಕೊನೆಯ ಸಾಲು, ಅಂದರೆ ಕಾಲಂ ಎಣಿಕೆ. ಒಂದು ಸಂಘದಲ್ಲಿ ಯಾರೋ 6.5 ಲೀಟರ್ ಎನ್ನುವುದನ್ನು ಚುಕ್ಕಿಯ ಬದಲು ಅಲ್ಪವಿರಾಮ ಹಾಕಿ 6,5 ಎಂದು ಬರೆದಿದ್ದರು. ಒಂಬತ್ತು ಕಾಲಂ ಇರಬೇಕಾದ ಸಾಲಿನಲ್ಲಿ ಹತ್ತು ಆದವು. ಎಣಿಸದೆ ತುಂಬಿದ್ದರೆ ಲೀಟರ್ 6, ಫ್ಯಾಟ್ 5 ಎಂದಾಗಿ ಉಳಿದದ್ದೆಲ್ಲ ಒಂದೊಂದು ಮನೆ ಬಲಕ್ಕೆ ಸರಿಯುತ್ತಿತ್ತು. ಫ್ಯಾಟ್ 5 ಎನ್ನುವುದು ನಂಬಬಹುದಾದ ಸಂಖ್ಯೆಯೇ, ನೋಡಿದ ಯಾರಿಗೂ ಅನುಮಾನ ಬರುವುದಿಲ್ಲ. ಕಾಲಂ ಎಣಿಕೆ ತಪ್ಪಿದ ಸಾಲಿನಲ್ಲಿ ಬೇರೆ ಯಾವ ಪರೀಕ್ಷೆಯನ್ನೂ ಮಾಡಬಾರದು. ಯಾವ ಮೌಲ್ಯ ಯಾವ ಕಾಲಂನದು ಎಂಬುದೇ ಗೊತ್ತಿಲ್ಲದಾಗ ಉಳಿದ ಪರೀಕ್ಷೆಗಳಿಗೆ ಅರ್ಥವಿಲ್ಲ.

ತಪ್ಪು ಕಲ್ಪನೆ 2: ಕಳಿಸುವ ಮೊದಲು ಎಕ್ಸೆಲ್‌ನಲ್ಲಿ ತೆರೆದು ಒಮ್ಮೆ ನೋಡಿ ಸೇವ್ ಮಾಡಿದರೆ ಫೈಲಿಗೆ ಏನೂ ಆಗುವುದಿಲ್ಲ.

ವಾಸ್ತವ: ನೋಡಿದರೆ ಏನೂ ಆಗುವುದಿಲ್ಲ, ಸೇವ್ ಮಾಡಿದರೆ ಆಗುತ್ತದೆ. ಒಂದು ರಾತ್ರಿ 0147 ಸಂಖ್ಯೆಯ ಸಂಘದ 86 ಸಾಲುಗಳೂ ತಿರಸ್ಕಾರವಾದವು. ಮರುದಿನ ಕಾರ್ಯದರ್ಶಿ ಫೋನ್ ಮಾಡಿದರು: “ಏನ್ ಸಾರ್, ನಮ್ ಸಂಘದಲ್ಲಿ ನಿನ್ನೆ ಯಾರೂ ಹಾಲೇ ಹಾಕಿಲ್ವಾ?” ಅವರು ಮಾಡಿದ್ದು ತಪ್ಪಲ್ಲ, ಜವಾಬ್ದಾರಿಯ ಕೆಲಸವೇ. ಒಟ್ಟು ಲೀಟರ್ ತಾಳೆ ನೋಡಲು ಫೈಲನ್ನು ಎಕ್ಸೆಲ್‌ನಲ್ಲಿ ತೆರೆದಿದ್ದರು, ಮುಚ್ಚುವಾಗ ಸೇವ್ ಮಾಡಿದ್ದರು. 0147 ಎಂಬುದನ್ನು ಎಕ್ಸೆಲ್ ಸಂಖ್ಯೆ ಎಂದು ತಿಳಿದು 147 ಮಾಡಿತ್ತು. 0032 ಎಂಬ ಸದಸ್ಯ 32 ಆಗಿದ್ದರು. ಸಂಘಗಳ ಪಟ್ಟಿಯಲ್ಲಿ 147 ಎಂಬ ಸಂಘವೇ ಇರಲಿಲ್ಲ.

ಸೊನ್ನೆ ಹೋಗುವುದು ಸಣ್ಣ ನಷ್ಟ, ಅದನ್ನು ಮರಳಿ ಪಡೆಯಬಹುದು. ಮರಳಿ ಪಡೆಯಲಾಗದ ನಷ್ಟಗಳೂ ಇವೆ. ಎಕ್ಸೆಲ್ ಸಂಖ್ಯೆಗಳಲ್ಲಿ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಸದಸ್ಯರ ಪಟ್ಟಿಯ ಫೈಲಿನಲ್ಲಿ 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆ ಇದ್ದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಸೇವ್ ಮಾಡಿದ ಮೇಲೆ ಅದು ಏನಾಗಿತ್ತು ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಹಾಗೆಯೇ ಕನ್ನಡದ ಹೆಸರುಗಳಿರುವ ಫೈಲನ್ನು ಸಾಮಾನ್ಯ ಸಿಎಸ್‌ವಿ ಆಯ್ಕೆಯಲ್ಲಿ ಸೇವ್ ಮಾಡಿದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕೂರುತ್ತವೆ. ಯುಟಿಎಫ್-8 ಸಿಎಸ್‌ವಿ ಆಯ್ಕೆಯಲ್ಲಿ ಅಕ್ಷರಗಳು ಉಳಿಯುತ್ತವೆ, ಆದರೆ ಫೈಲಿನ ಮೊದಲಿಗೆ ಕಣ್ಣಿಗೆ ಕಾಣದ ಗುರುತೊಂದು ಸೇರುತ್ತದೆ. ಆಗ ಮೊದಲ ಕಾಲಂನ ಹೆಸರು `sangha` ಎಂದೇ ಕಂಡರೂ ಪ್ರೋಗ್ರಾಂ ಅಂಥ ಕಾಲಂ ಇಲ್ಲ ಎನ್ನುತ್ತದೆ. ಮೇಲಿನ ಕೋಡ್‌ನಲ್ಲಿ `utf-8-sig` ಎಂದು ಬರೆದದ್ದು ಆ ಗುರುತನ್ನು ತೆಗೆದುಹಾಕಲು.

ನಾವು ಕಂಡುಕೊಂಡ ದಾರಿ ಇದು: ಸಂಘದ ಸಾಫ್ಟ್‌ವೇರ್ ಹೊರತೆಗೆದ ಫೈಲು ಯಾರ ಕೈಗೂ ಸಿಗದೆ ನೇರ ಒಕ್ಕೂಟಕ್ಕೆ ಬರಬೇಕು. ಕಾರ್ಯದರ್ಶಿಗಳು ನೋಡಲು ಅದರ ಪ್ರತಿಯೊಂದು ಬೇರೆ ಫೋಲ್ಡರ್‌ನಲ್ಲಿ ಇರಬೇಕು. ಬಂದ ಮೂಲ ಫೈಲನ್ನು ನಾವೂ ತಿದ್ದದೆ, ಇದ್ದ ಹಾಗೆಯೇ ಕಾಪಿಡಬೇಕು. ಈ ಕೊನೆಯ ಅಭ್ಯಾಸ ಮುಂದೆ ನಮ್ಮನ್ನು ಹೇಗೆ ಉಳಿಸಿತೆಂದು ಹೇಳುತ್ತೇವೆ.

ತಪ್ಪು ಕಲ್ಪನೆ 3: ಕೆಟ್ಟ ಸಾಲು ಸಿಕ್ಕರೆ ಎರಡೇ ದಾರಿ, ಇಡೀ ಫೈಲನ್ನು ನಿಲ್ಲಿಸಬೇಕು, ಇಲ್ಲವೇ ಆ ಸಾಲನ್ನು ಬಿಟ್ಟು ಮುಂದೆ ಹೋಗಬೇಕು.

ವಾಸ್ತವ: ನಾವು ಎರಡನ್ನೂ ಮಾಡಿ ನೋಡಿದ್ದೇವೆ. ಮೊದಲನೆಯದರಲ್ಲಿ ಒಬ್ಬರ ಫ್ಯಾಟ್ ಖಾಲಿ ಇದ್ದುದಕ್ಕೆ ಉಳಿದ 85 ಜನರ ಹಾಲು ಲೆಕ್ಕಕ್ಕೆ ಬರಲಿಲ್ಲ. ಎರಡನೆಯದರಲ್ಲಿ ಆ ಒಬ್ಬರ ಹಾಲು ಸದ್ದಿಲ್ಲದೆ ಮಾಯವಾಯಿತು. ನಾವು ಬಳಸುವ ಪೋಸ್ಟ್‌ಗ್ರೆಸ್‌ನಲ್ಲಿ `COPY` ಆದೇಶ ಒಂದು ತಪ್ಪು ಕಂಡರೆ ಇಡೀ ಫೈಲನ್ನು ಕೈಬಿಡುತ್ತದೆ. 17ನೇ ಆವೃತ್ತಿಯಿಂದ `ON_ERROR ignore` ಎಂಬ ಸೌಲಭ್ಯ ಬಂದಿದೆ. ಅದು ಸಂಖ್ಯೆಯಾಗದ, ದಿನಾಂಕವಾಗದ ಮೌಲ್ಯಗಳಿರುವ ಸಾಲನ್ನಷ್ಟೇ ಬಿಡುತ್ತದೆ. ಕಾಲಂ ಹೆಚ್ಚುಕಡಿಮೆಯಾದರೆ ಈಗಲೂ ನಿಲ್ಲುತ್ತದೆ. ಬಿಟ್ಟ ಸಾಲನ್ನು ಎಲ್ಲಿಯೂ ತೆಗೆದಿಡುವುದೂ ಇಲ್ಲ.

ಮೂರನೆಯ ದಾರಿಯೊಂದಿದೆ. ಫೈಲನ್ನು ಮೊದಲು ಒಂದು ಸ್ಟೇಜಿಂಗ್ ಟೇಬಲ್‌ಗೆ ತುಂಬಬೇಕು. ಅದರಲ್ಲಿ ಡೇಟಾದ ಪ್ರತಿ ಕಾಲಮ್ಮೂ ಬರಿಯ ಪಠ್ಯ:

```sql
CREATE TABLE stg_haalu (
  load_id bigint, row_no int,
  sangha text, sadasya text, dinanka text, pali text,
  litre text, fat text, snf text, dara text, motta text
);
```

ಪಠ್ಯದ ಕಾಲಂ ಏನನ್ನು ಕೊಟ್ಟರೂ ತೆಗೆದುಕೊಳ್ಳುತ್ತದೆ, ಆದ್ದರಿಂದ ಇಲ್ಲಿ ಯಾವ ಮೌಲ್ಯವೂ ಅಡ್ಡ ಬರುವುದಿಲ್ಲ. ಕಾಲಂ ಎಣಿಕೆಯಲ್ಲೇ ಸೋತ ಸಾಲು ಮಾತ್ರ ಇಲ್ಲಿಗೆ ಬಾರದೆ ನೇರ ತಿರಸ್ಕಾರದ ಟೇಬಲ್‌ಗೆ ಹೋಗುತ್ತದೆ. ಯಾವ ಫೈಲು, ಎಷ್ಟನೇ ಸಾಲು ಎಂಬ ಗುರುತು ಎರಡೂ ಕಡೆ ಜೊತೆಗಿರುತ್ತದೆ. ಆಮೇಲೆ ಸಾಲುಸಾಲಾಗಿ ಪರೀಕ್ಷೆ: ಲೀಟರ್ ಸಂಖ್ಯೆಯೇ, ಫ್ಯಾಟ್ ಮಿತಿಯೊಳಗಿದೆಯೇ, ಸದಸ್ಯರು ಪಟ್ಟಿಯಲ್ಲಿದ್ದಾರೆಯೇ, ಲೀಟರನ್ನು ದರದಿಂದ ಗುಣಿಸಿದರೆ ಮೊತ್ತ ಬರುತ್ತದೆಯೇ. ಮೊದಲ ತಪ್ಪು ಕಂಡ ಕೂಡಲೇ ನಿಲ್ಲಬಾರದು, ಒಂದು ಸಾಲಿನ ಎಲ್ಲ ತಪ್ಪುಗಳನ್ನೂ ಕಲೆಹಾಕಬೇಕು. ಇಲ್ಲದಿದ್ದರೆ ಕಾರ್ಯದರ್ಶಿ ಇಂದು ಒಂದು ತಪ್ಪು ತಿದ್ದಿ ಕಳಿಸುತ್ತಾರೆ, ನಾಳೆ ಅದೇ ಸಾಲಿನ ಇನ್ನೊಂದು ತಪ್ಪಿಗೆ ಅದನ್ನೇ ಮರಳಿಸುತ್ತೇವೆ. ಗೆದ್ದ ಸಾಲು ಮುಖ್ಯ ಟೇಬಲ್‌ಗೆ ಹೋಗುತ್ತದೆ. ಸೋತದ್ದು ಮೂಲದಲ್ಲಿ ಇದ್ದ ಹಾಗೆಯೇ, ಕಾರಣಗಳ ಸಮೇತ ತಿರಸ್ಕಾರದ ಟೇಬಲ್‌ಗೆ ಹೋಗುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ತಪ್ಪು ಬೇರೆ, ಅನುಮಾನ ಬೇರೆ. ಮೇಲಿನ ತುಣುಕಿನಲ್ಲಿ 0033ನೇ ಸದಸ್ಯರು 65 ಲೀಟರ್ ಹಾಕಿದ್ದಾರೆ. ಅವರ ರೂಢಿ ಆರೂವರೆ ಲೀಟರಿನ ಆಸುಪಾಸು. ಬಹುಶಃ ಚುಕ್ಕಿ ಬಿಟ್ಟುಹೋಗಿದೆ. ಮೊತ್ತವನ್ನು ಯಂತ್ರವೇ ಗುಣಿಸಿದ್ದರಿಂದ ಅದೂ 65ಕ್ಕೆ ತಾಳೆಯಾಗಿದೆ, ಗುಣಾಕಾರದ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ. ಆದರೆ 65 ಲೀಟರ್ ಹಾಕುವ ರೈತರು ಇಲ್ಲವೆಂದಲ್ಲ, ಅವರು ಹೊಸ ಹಸುಗಳನ್ನು ತಂದಿರಬಹುದು. ಇಂಥ ಸಾಲನ್ನು ಸೇರಿಸಿಕೊಂಡು, ವರದಿಯಲ್ಲಿ ಗಮನಿಸಿ ಎಂದು ಬರೆಯುತ್ತೇವೆ. ಎರಡನೆಯದು, ಊಹೆಯಿಂದ ತಿದ್ದಬಾರದು. ಫ್ಯಾಟ್ 41 ಎಂದಿದ್ದರೆ ಅದು 4.1 ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಫ್ಯಾಟ್ ಮೇಲೆ ರೈತರ ದುಡ್ಡು ನಿಂತಿದೆ. ಯಂತ್ರದಲ್ಲಿ ಏನು ಕಂಡಿತ್ತೆಂದು ಬಲ್ಲವರು ಸಂಘದಲ್ಲಿದ್ದಾರೆ, ನಮ್ಮ ಸರ್ವರ್‌ನಲ್ಲಿಲ್ಲ.

ಇಡೀ ಫೈಲನ್ನು ತಡೆಯಬೇಕಾದ ಸಂದರ್ಭವೂ ಇದೆ. 86 ಸಾಲೂ ಒಂದೇ ಕಾರಣಕ್ಕೆ ಸೋತರೆ ಅದು 86 ತಪ್ಪಲ್ಲ, ಒಂದೇ ತಪ್ಪು. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಸಾಲು ಸೋತರೆ ನಾವು ಫೈಲನ್ನು ತಡೆಹಿಡಿದು, ವರದಿಯಲ್ಲಿ ಆ ಒಂದು ಕಾರಣವನ್ನು ಒಂದೇ ಸಾಲಿನಲ್ಲಿ ಹೇಳುತ್ತೇವೆ.

ತಪ್ಪು ಕಲ್ಪನೆ 4: ಡೇಟಾಬೇಸ್ ಒಪ್ಪಿಕೊಂಡಿತು ಎಂದರೆ ಮೌಲ್ಯ ಸರಿಯಿದೆ ಎಂದೇ ಅರ್ಥ.

ವಾಸ್ತವ: ಈ ನಂಬಿಕೆ ನಮಗೆ ತುಂಬ ದುಬಾರಿಯಾಯಿತು. 2025ರ ಏಪ್ರಿಲ್ 1ರಿಂದ ವೇರ್‌ಹೌಸ್ ಹೊಸ ಸರ್ವರ್‌ಗೆ ಬಂತು. ದಿನದ ಲೆಕ್ಕವನ್ನು ಎಲ್ಲರೂ ಇನ್ನೂ ಹಳೆಯ ವ್ಯವಸ್ಥೆಯಲ್ಲೇ ನೋಡುತ್ತಿದ್ದರು. ಹನ್ನೆರಡು ದಿನ ಒಂದು ಸಾಲೂ ದಿನಾಂಕದ ಕಾರಣಕ್ಕೆ ತಿರಸ್ಕಾರವಾಗಲಿಲ್ಲ. 13ರ ರಾತ್ರಿ ಎಲ್ಲ ಸಂಘಗಳ ಎಲ್ಲ ಸಾಲುಗಳೂ ಬಿದ್ದವು. ದೂರು ಹೀಗಿತ್ತು:

```
ERROR:  date/time field value out of range: "13/04/2025"
HINT:  Perhaps you need a different "datestyle" setting.
```

ತೊಂದರೆ 13ರಂದು ಶುರುವಾಯಿತು ಎಂದುಕೊಂಡೆವು. ಅದು ಶುರುವಾದದ್ದು 1ರಂದೇ. ಹೊಸ ಸರ್ವರ್‌ನ ದಿನಾಂಕದ ರೂಢಿ `MDY`, ಅಂದರೆ ತಿಂಗಳು ಮೊದಲು, ದಿನ ಆಮೇಲೆ. 03/04/2025 ಎಂಬುದನ್ನು ಅದು ಮಾರ್ಚ್ 4 ಎಂದು ಓದಿತು, ಯಾವ ತಕರಾರನ್ನೂ ಮಾಡದೆ ಸೇರಿಸಿತು. ಹದಿಮೂರನೇ ತಿಂಗಳೆಂಬುದು ಇಲ್ಲದ್ದರಿಂದ 13ಕ್ಕೆ ಬಂದು ಎಡವಿತು. ಏಪ್ರಿಲ್ 1, 2, 3ರ ಹಾಲು ಜನವರಿ, ಫೆಬ್ರವರಿ, ಮಾರ್ಚ್ ತಿಂಗಳ 4ನೇ ತಾರೀಖಿಗೆ ಹೋಗಿ ಅಲ್ಲಿದ್ದ ನಿಜವಾದ ಹಾಲಿನ ಜೊತೆ ಬೆರೆತಿತ್ತು. 4ನೇ ತಾರೀಖಿನದು ಮಾತ್ರ ಸರಿಯಾದ ಜಾಗದಲ್ಲಿತ್ತು, ಅದೂ ದಿನ ತಿಂಗಳು ಎರಡೂ ನಾಲ್ಕೇ ಆದ್ದರಿಂದ. 5ರಿಂದ 12ರವರೆಗಿನ ಎಂಟು ದಿನಗಳ ಹಾಲು ಮೇ 4ರಿಂದ ಡಿಸೆಂಬರ್ 4ರವರೆಗೆ, ಇನ್ನೂ ಬಾರದ ದಿನಗಳಲ್ಲಿ ಹಂಚಿಹೋಗಿತ್ತು.

ತಿರಸ್ಕಾರವಾದ ಸಾಲು ಕಣ್ಣಿಗೆ ಬೀಳುತ್ತದೆ. ತಪ್ಪಾಗಿ ಒಪ್ಪಿಕೊಂಡ ಸಾಲು ಕಣ್ಣಿಗೆ ಬೀಳುವುದೇ ಇಲ್ಲ. ಡೇಟಾಬೇಸ್ ಕೇಳುವುದು ಇದು ದಿನಾಂಕವೇ ಎಂಬ ಪ್ರಶ್ನೆಯನ್ನು. ಇದು ನಮ್ಮ ಫೈಲಿನ ದಿನಾಂಕವೇ ಎಂದು ನಾವೇ ಕೇಳಬೇಕು. ಮೂರು ಸಣ್ಣ ನಿಯಮಗಳಿಂದ ಇದು ಸಾಧ್ಯವಾಯಿತು. ರೂಪವನ್ನು ಊಹೆಗೆ ಬಿಡದೆ `to_date(dinanka, 'DD/MM/YYYY')` ಎಂದು ಬಾಯಿಬಿಟ್ಟು ಹೇಳುವುದು. ಸಾಲಿನ ದಿನಾಂಕ ಫೈಲಿನ ಹೆಸರಿನಲ್ಲಿರುವ ದಿನಾಂಕಕ್ಕೆ ತಾಳೆಯಾಗುತ್ತದೆಯೇ ಎಂದು ನೋಡುವುದು. ಇಂದಿನ ನಂತರದ ದಿನಾಂಕವನ್ನು ಒಪ್ಪದಿರುವುದು. ಎರಡನೆಯ ನಿಯಮ ಇದ್ದಿದ್ದರೆ ಮೊದಲ ರಾತ್ರಿಯೇ ಗೊತ್ತಾಗುತ್ತಿತ್ತು. ಮೂರನೆಯದೊಂದೇ ಇದ್ದಿದ್ದರೂ 5ರ ರಾತ್ರಿ ಗೊತ್ತಾಗುತ್ತಿತ್ತು.

ತಪ್ಪು ಕಲ್ಪನೆ 5: ಏನಾದರೂ ಎಡವಟ್ಟಾದರೆ ಪೈಪ್‌ಲೈನನ್ನು ಇನ್ನೊಮ್ಮೆ ಓಡಿಸಿದರೆ ಸರಿಹೋಗುತ್ತದೆ.

ವಾಸ್ತವ: ಇನ್ನೊಮ್ಮೆ ಓಡಿಸಿದರೂ ಫಲ ಒಂದೇ ಆಗುವಂತೆ ಕಟ್ಟಿದ್ದರೆ ಮಾತ್ರ ಸರಿಹೋಗುತ್ತದೆ. ಇಲ್ಲದಿದ್ದರೆ ಒಂದು ಕ್ಯಾನ್ ಹಾಲು ಎರಡು ಕ್ಯಾನ್ ಆಗುತ್ತದೆ. ನಮ್ಮಲ್ಲಿ ಸಂಘ, ದಿನಾಂಕ, ಪಾಳಿ ಈ ಮೂರೂ ಸೇರಿದರೆ ಒಂದು ಫೈಲು. ಆದ್ದರಿಂದ ಹಳೆಯದನ್ನು ತೆಗೆಯುವುದು, ಹೊಸದನ್ನು ಇಡುವುದು ಎರಡನ್ನೂ ಒಂದೇ ವಹಿವಾಟಿನೊಳಗೆ ಮಾಡುತ್ತೇವೆ:

```sql
BEGIN;
DELETE FROM haalu
 WHERE sangha = '0147' AND dinanka = DATE '2025-04-14' AND pali = 'M';
INSERT INTO haalu SELECT * FROM haalu_ok WHERE load_id = 5120;
COMMIT;
```

ನಡುವೆ ಕರೆಂಟು ಹೋದರೂ ಹಳೆಯದು ಹಾಗೆಯೇ ಇರುತ್ತದೆ, ಅರ್ಧ ಹಳೆಯದು ಅರ್ಧ ಹೊಸದು ಎಂಬ ಸ್ಥಿತಿ ಬರುವುದಿಲ್ಲ. ಇದ್ದ ಸಾಲನ್ನು ತಿದ್ದಿ ಇಲ್ಲದ್ದನ್ನು ಸೇರಿಸುವ ಇನ್ನೊಂದು ವಿಧಾನವೂ ಇದೆ. ಆದರೆ ಸಂಘದವರು ತಪ್ಪಾಗಿ ನಮೂದಿಸಿದ ಸಾಲೊಂದನ್ನು ಅಳಿಸಿ ಹೊಸ ಫೈಲ್ ಕಳಿಸಿದರೆ, ಆ ವಿಧಾನದಲ್ಲಿ ಅಳಿಸಿದ ಸಾಲು ನಮ್ಮಲ್ಲಿ ಉಳಿದೇಬಿಡುತ್ತದೆ.

ನಮ್ಮ ವಿಧಾನಕ್ಕೂ ಒಂದು ಅಪಾಯವಿದೆ. ಸೋತ 5 ಸಾಲುಗಳನ್ನಷ್ಟೇ ತಿದ್ದಿ ಕಳಿಸಿದರೆ ಮೊದಲು ಸೇರಿದ್ದ 81 ಅಳಿಸಿಹೋಗುತ್ತವೆ. ಅದಕ್ಕೇ ನಿಯಮವನ್ನು ಸಂಘಗಳಿಗೆ ಸ್ಪಷ್ಟವಾಗಿ ಹೇಳಿದ್ದೇವೆ: ತಿದ್ದುವುದು ಸಂಘದ ಸಾಫ್ಟ್‌ವೇರ್‌ನಲ್ಲಿ, ಕಳಿಸುವುದು ಇಡೀ ಪಾಳಿಯ ಫೈಲನ್ನು. ಬಂದ ಫೈಲಿನಲ್ಲಿ ಮೊದಲಿದ್ದುದರ ಅರ್ಧಕ್ಕಿಂತ ಕಡಿಮೆ ಸಾಲುಗಳಿದ್ದರೆ ಅಳಿಸುವ ಮೊದಲೇ ನಿಂತು ಕೇಳುತ್ತೇವೆ.

ಏಪ್ರಿಲ್‌ನ ಗೊಂದಲದಲ್ಲಿ ಈ ಅಳಿಸುವ ವಿಧಾನವೊಂದೇ ಸಾಕಾಗಲಿಲ್ಲ. ಏಪ್ರಿಲ್ 3ರ ಫೈಲನ್ನು ಮತ್ತೆ ತುಂಬುವಾಗ ಅದು ಏಪ್ರಿಲ್ 3ರ ಸಾಲುಗಳನ್ನು ಹುಡುಕಿತು, ಅವು ಅಲ್ಲಿರಲಿಲ್ಲ, ಮಾರ್ಚ್ 4ರಲ್ಲಿದ್ದವು. ಮಾರ್ಚ್ 4ನ್ನು ಅಳಿಸಿದರೆ ನಿಜವಾದ ಮಾರ್ಚ್ 4ರ ಹಾಲೂ ಹೋಗುತ್ತಿತ್ತು. ಆಗ ಮುಖ್ಯ ಟೇಬಲ್‌ನಲ್ಲಿ ಯಾವ ಸಾಲು ಯಾವ ಫೈಲಿನಿಂದ ಬಂತೆಂಬ ಗುರುತೇ ಇರಲಿಲ್ಲ. ಮೂಲ ಫೈಲುಗಳನ್ನು ತಿದ್ದದೆ ಇಟ್ಟಿದ್ದರಿಂದ ಬಚಾವಾದೆವು. ಮುಂದಿನ ದಿನಾಂಕಗಳಲ್ಲಿ ಹಂಚಿಹೋಗಿದ್ದ ಎಂಟು ದಿನಗಳ ಸಾಲುಗಳನ್ನು ಅಳಿಸಿದೆವು. ಜನವರಿ, ಫೆಬ್ರವರಿ, ಮಾರ್ಚ್‌ನ 4ನೇ ತಾರೀಖುಗಳನ್ನು ಪೂರ್ತಿ ಖಾಲಿ ಮಾಡಿ, ಆ ದಿನಗಳ ಮೂಲ ಫೈಲಿನಿಂದ ಮತ್ತೆ ತುಂಬಿದೆವು. ಕೊನೆಗೆ ಏಪ್ರಿಲ್‌ನ ಹನ್ನೊಂದು ದಿನಗಳನ್ನೂ ಹೊಸದಾಗಿ ತುಂಬಿದೆವು. ಅಂದಿನಿಂದ ಮುಖ್ಯ ಟೇಬಲ್‌ನ ಪ್ರತಿ ಸಾಲಿನಲ್ಲೂ `load_id` ಇದೆ. ಒಂದು ಫೈಲು ಮಾಡಿದ್ದನ್ನು ಒಂದೇ ಆದೇಶದಲ್ಲಿ ಹಿಂದೆಗೆಯಬಹುದು.

ತಪ್ಪು ಕಲ್ಪನೆ 6: ತಪ್ಪುಗಳೆಲ್ಲ ಲಾಗ್‌ನಲ್ಲಿ ಬರುತ್ತವೆ, ಬೇರೆ ವರದಿ ಏಕೆ.

ವಾಸ್ತವ: ಲಾಗ್ ಓದುವವರು ನಾವು. ತಪ್ಪು ತಿದ್ದಬೇಕಾದವರು ಹಳ್ಳಿಯ ಸಂಘದ ಕಾರ್ಯದರ್ಶಿ. ಅವರಿಗೆ `invalid input syntax for type numeric` ಎಂಬ ಸಾಲನ್ನು ಕಳಿಸಿದರೆ ಅವರು ನಮಗೆ ಫೋನ್ ಮಾಡುತ್ತಾರೆ, ಬೇರೇನು ಮಾಡಲು ಸಾಧ್ಯ? ಏಪ್ರಿಲ್ 14ರ ಬೆಳಗಿನ ಪಾಳಿಗೆ ನಮ್ಮ ವರದಿ ಹೀಗಿತ್ತು:

```
ಫೈಲ್: 0147_20250414_M.csv
ಓದಿದ್ದು 86 | ಸೇರಿದ್ದು 81 | ತಿರಸ್ಕಾರ 5

ಸಾಲು 17, ಸದಸ್ಯ 0041: ಫ್ಯಾಟ್ ಖಾಲಿ ಇದೆ. ಫ್ಯಾಟ್ ನಮೂದಿಸಿ.
ಸಾಲು 29: 9 ಕಾಲಂ ಬೇಕು, 10 ಇವೆ. ಸಂಖ್ಯೆಯಲ್ಲಿ ಚುಕ್ಕಿಯ ಬದಲು
         ಅಲ್ಪವಿರಾಮ ಇದೆಯೇ ನೋಡಿ.
ಸಾಲು 44, ಸದಸ್ಯ 0512: ಒಕ್ಕೂಟದ ಪಟ್ಟಿಯಲ್ಲಿಲ್ಲ. ಹೊಸ ಸದಸ್ಯರಾದರೆ ತಿಳಿಸಿ.
ಸಾಲು 58, ಸದಸ್ಯ 0090: 8.0 ಲೀಟರ್ × 34.50 = 276.00; ಫೈಲಿನಲ್ಲಿ 267.00.
ಸಾಲು 71, ಸದಸ್ಯ 0103: ಫ್ಯಾಟ್ 41; 2ರಿಂದ 12ರ ಒಳಗಿರಬೇಕು.

ಗಮನಿಸಿ (ಸೇರಿದೆ): ಸಾಲು 16, ಸದಸ್ಯ 0033: 65 ಲೀಟರ್; ರೂಢಿ ಸುಮಾರು 6.5.
```

ಕಾಲಂ ಎಣಿಕೆ ತಪ್ಪಿದ ಸಾಲನ್ನು ಬಿಟ್ಟರೆ ಪ್ರತಿ ಸಾಲಿನಲ್ಲೂ ನಾಲ್ಕು ಸಂಗತಿಗಳಿವೆ: ಎಲ್ಲಿ, ಯಾರದು, ಏನಿತ್ತು, ಏನಿರಬೇಕಿತ್ತು. ಸಾಲಿನ ಸಂಖ್ಯೆ ಕಾರ್ಯದರ್ಶಿಯ ಪರದೆಯ ಮೇಲಿನ ಸಂಖ್ಯೆಯೇ ಆಗಿರಬೇಕು, ಅದಕ್ಕಾಗಿ ತಲೆಬರಹದ ಸಾಲನ್ನೂ ಎಣಿಸಿ ಅದಕ್ಕೆ 1 ಎಂದು ಕೊಡುತ್ತೇವೆ. ಮೊದಲು ಡೇಟಾದ ಮೊದಲ ಸಾಲಿಗೆ 1 ಕೊಟ್ಟಿದ್ದೆವು. ಆಗ ಕಾರ್ಯದರ್ಶಿಗಳು ಪ್ರತಿ ಸಲವೂ ತಪ್ಪಿದ್ದ ಸಾಲಿನ ಮೇಲಿನ ಸಾಲನ್ನು ನೋಡಿ, ಇದು ಸರಿಯಾಗಿಯೇ ಇದೆಯಲ್ಲ ಎನ್ನುತ್ತಿದ್ದರು.

44ನೇ ಸಾಲಿನಿಂದ ನಾವು ಇನ್ನೊಂದನ್ನು ಕಲಿತೆವು. ತಿರಸ್ಕಾರವಾದ ಸಾಲು ಯಾವಾಗಲೂ ತಪ್ಪಲ್ಲ. 0512 ನಿಜವಾಗಿಯೂ ಹೊಸ ಸದಸ್ಯರು, ಸಂಘದ ಪುಸ್ತಕದಲ್ಲಿದ್ದಾರೆ. ಹಳೆಯದಾಗಿದ್ದುದು ಒಕ್ಕೂಟದ ಪಟ್ಟಿ. ಅವರ ಹೆಸರು ಪಟ್ಟಿ ಸೇರಿದ ಮೇಲೆ ಆ ಸಾಲಿಗಾಗಿ ಸಂಘದವರು ಏನನ್ನೂ ಮತ್ತೆ ಕಳಿಸಬೇಕಾಗಲಿಲ್ಲ. ಕಾಪಿಟ್ಟ ಮೂಲ ಫೈಲನ್ನೇ ಮತ್ತೊಮ್ಮೆ ಓಡಿಸಿದೆವು.

ತಪ್ಪು ಕಲ್ಪನೆ 7: ತಿರಸ್ಕಾರ ಸೊನ್ನೆ ಎಂದು ಬಂದರೆ ಆ ದಿನ ಎಲ್ಲವೂ ಸರಿಯಾಗಿದೆ.

ವಾಸ್ತವ: ಫೈಲೇ ಬಾರದಿದ್ದರೂ ತಿರಸ್ಕಾರ ಸೊನ್ನೆ. ಅರ್ಧ ಫೈಲ್ ಬಂದಿದ್ದರೂ ಸೊನ್ನೆ ಇರಬಹುದು. ಹಳ್ಳಿಯ ನೆಟ್‌ವರ್ಕ್ ನಿಧಾನವಾಗಿದ್ದಾಗ ಫೈಲ್ ಏರುತ್ತಿರುವಾಗಲೇ ನಮ್ಮ ಪೈಪ್‌ಲೈನ್ ಅದನ್ನು ಓದಿಬಿಟ್ಟಿದ್ದುಂಟು. 86ರಲ್ಲಿ 50 ಸಾಲು ಸಿಕ್ಕವು, ಐವತ್ತೂ ಸರಿಯಾಗಿದ್ದವು. ಅದಕ್ಕೆ ಎರಡು ಏರ್ಪಾಡು ಮಾಡಿಕೊಂಡೆವು. ಫೈಲ್ ಏರುವಾಗ ಅದರ ಹೆಸರಿನ ಕೊನೆಗೆ `.part` ಇರುತ್ತದೆ, ಪೂರ್ತಿ ಏರಿದ ಮೇಲಷ್ಟೇ `.csv` ಆಗುತ್ತದೆ. ಜೊತೆಗೆ ಒಂದು ಪುಟ್ಟ ಫೈಲ್ ಬರುತ್ತದೆ, ಅದರಲ್ಲಿ ಸಾಲುಗಳ ಎಣಿಕೆ ಮತ್ತು ಒಟ್ಟು ಲೀಟರ್ ಇರುತ್ತವೆ. ಎಣಿಕೆ ತಾಳೆಯಾಗದಿದ್ದರೆ ಆ ಫೈಲನ್ನು ಮುಟ್ಟುವುದಿಲ್ಲ. ಯಾವ ಸಂಘದ ಫೈಲ್ ಬರಲೇ ಇಲ್ಲ ಎಂಬುದೂ ವರದಿಯ ಭಾಗವೇ.

ಇನ್ನೊಂದು ಸೋರಿಕೆ ನಮ್ಮ ಕೋಡ್‌ನೊಳಗೇ ಇತ್ತು. ಮೊದಲ ಆವೃತ್ತಿಯಲ್ಲಿ ಒಳ್ಳೆಯ ಸಾಲುಗಳನ್ನು ಒಂದು ಷರತ್ತಿನಿಂದ ಆರಿಸುತ್ತಿದ್ದೆವು, ಕೆಟ್ಟವನ್ನು ಅದರ ತದ್ವಿರುದ್ಧ ಷರತ್ತಿನಿಂದ:

```sql
WHERE fat BETWEEN 2 AND 12
WHERE NOT (fat BETWEEN 2 AND 12)
```

ಪ್ರತಿ ಸಾಲೂ ಎರಡರಲ್ಲೊಂದು ಕಡೆ ಬೀಳಲೇಬೇಕು ಎಂದು ತೋರುತ್ತದೆ. ಬೀಳುವುದಿಲ್ಲ. ಫ್ಯಾಟ್ ಖಾಲಿ ಇದ್ದರೆ, ಅಂದರೆ `NULL` ಆಗಿದ್ದರೆ, ಎಸ್‌ಕ್ಯುಎಲ್‌ನಲ್ಲಿ ಮೊದಲ ಷರತ್ತಿನ ಉತ್ತರ ಹೌದೂ ಅಲ್ಲ, ಅಲ್ಲವೂ ಅಲ್ಲ, ಗೊತ್ತಿಲ್ಲ. ಗೊತ್ತಿಲ್ಲ ಎಂಬುದನ್ನು ತಿರುಗಿಸಿದರೂ ಅದು ಗೊತ್ತಿಲ್ಲವೇ. `WHERE` ಒಳಬಿಡುವುದು ಹೌದು ಎಂದಾದ ಸಾಲುಗಳನ್ನು ಮಾತ್ರ. 0041ನೇ ಸದಸ್ಯರದಂಥ ಸಾಲು ಆಗ ಸೇರಿದ್ದರಲ್ಲೂ ಇರುತ್ತಿರಲಿಲ್ಲ, ತಿರಸ್ಕಾರದಲ್ಲೂ ಇರುತ್ತಿರಲಿಲ್ಲ. ಈಗ ಖಾಲಿ ಇದೆಯೇ ಎಂಬುದನ್ನು ಬೇರೆಯಾಗಿ, ಎಲ್ಲಕ್ಕಿಂತ ಮೊದಲು ನೋಡುತ್ತೇವೆ.

ಇದನ್ನು ಹಿಡಿದುಕೊಟ್ಟದ್ದು ಯಾವ ಜಾಣ ಪರೀಕ್ಷೆಯೂ ಅಲ್ಲ, ವರದಿಯ ಎರಡನೇ ಸಾಲು. ಓದಿದ್ದು 86, ಸೇರಿದ್ದು 81, ತಿರಸ್ಕಾರ 4 ಎಂದು ಒಂದು ದಿನ ಬಂದಿತ್ತು. ಕೂಡಿದರೆ 85. ಆ ಒಂದನ್ನು ಹುಡುಕುತ್ತಾ ಹೋದಾಗ ಖಾಲಿ ಫ್ಯಾಟಿನ ಸಾಲು ಸಿಕ್ಕಿತು. ಸೇರಿದ್ದು ಮತ್ತು ತಿರಸ್ಕಾರ ಕೂಡಿದರೆ ಓದಿದ್ದು ಬರಲೇಬೇಕು ಎಂಬ ಲೆಕ್ಕವನ್ನು ಈಗ ಪೈಪ್‌ಲೈನೇ ಮಾಡುತ್ತದೆ. ಬಾರದಿದ್ದರೆ `COMMIT` ಆಗುವುದೇ ಇಲ್ಲ. ಲೀಟರಿಗೂ ಇದೇ ಲೆಕ್ಕ: ಪುಟ್ಟ ಫೈಲಿನ ಒಟ್ಟು ಲೀಟರಿನಿಂದ ತಿರಸ್ಕಾರವಾದ ಸಾಲುಗಳ ಲೀಟರ್ ಕಳೆದರೆ ಟೇಬಲ್‌ಗೆ ಸೇರಿದ ಲೀಟರ್ ಬರಬೇಕು. 29ನೇ ಸಾಲಿನಂತೆ ಲೀಟರೇ ಓದಲಾಗದ ಸಾಲಿದ್ದರೆ ವ್ಯತ್ಯಾಸ ಉಳಿಯುತ್ತದೆ, ಅದು ಆ ಸಾಲಿನದೇ ಎಂದು ವರದಿ ಹೆಸರಿಸುತ್ತದೆ.

ಆ 14ರ ಫೈಲು ಮರುದಿನ ಮಧ್ಯಾಹ್ನ ಮತ್ತೆ ಬಂತು. ಕಾರ್ಯದರ್ಶಿ ಫ್ಯಾಟ್ ತುಂಬಿದ್ದರು, ಅಲ್ಪವಿರಾಮ ತೆಗೆದಿದ್ದರು, 267 ಅನ್ನು 276 ಮಾಡಿದ್ದರು. 41 ಎಂದಿದ್ದ ಫ್ಯಾಟು 4.4 ಆಗಿತ್ತು. ಯಂತ್ರದ ಚೀಟಿಯಲ್ಲಿ ಇದ್ದುದು ಅದೇ, ನಾವು ಊಹಿಸಿ ತಿದ್ದಿದ್ದರೆ ಬರೆಯುತ್ತಿದ್ದುದು 4.1. ಗಮನಿಸಿ ಎಂದು ಬರೆದಿದ್ದ 65 ಲೀಟರ್ 6.5 ಆಗಿತ್ತು. ಓದಿದ್ದು 86, ಸೇರಿದ್ದು 86, ತಿರಸ್ಕಾರ 0. ಅಂದು ಯಾರೂ ಫೋನ್ ಮಾಡಲಿಲ್ಲ.